‘ಕುಡಿದವ್ನೆ ಬಿಡು’: ಅಷ್ಟೊಂದು ಜನ ಇದ್ದರೂ ಯಾರೂ ಯಾಕೆ ಮುಂದೆ ಬರಲಿಲ್ಲ?

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಬಸ್ ಸ್ಟಾಪ್. ಕಳೆದ ಬೇಸಿಗೆ, ಬೆಳಿಗ್ಗೆ ಹನ್ನೊಂದರ ಹೊತ್ತು. ಕ್ಯಾತ್ಸಂದ್ರದ ಕಡೆ ಹೋಗುವ ಬಸ್ಸಿಗೆ ಕಾಯುತ್ತಾ ಇಪ್ಪತ್ತು ಇಪ್ಪತ್ತೈದು ಜನ ನಿಂತಿದ್ದೆವು. ಬಿಳಿ ಪಂಚೆ ಉಟ್ಟು ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಒಬ್ಬ ಹಿರಿಯರು ಕೈಯಲ್ಲಿ ಬಟ್ಟೆ ಚೀಲ ಹಿಡಿದು ನಡೆದು ಬಂದರು. ಹೆಜ್ಜೆ ಸರಿಯಾಗಿ ಬೀಳುತ್ತಿರಲಿಲ್ಲ. ಕಂಬ ಹಿಡಿದು ನಿಂತರು. ಏನೋ ಗೊಣಗಿದರು, ಮಾತು ತೊದಲುತ್ತಿತ್ತು. ಆಮೇಲೆ ಕಂಬಕ್ಕೆ ಒರಗಿಕೊಂಡೇ ಕೆಳಗೆ ಜಾರಿ ಕೂತರು. ಸ್ವಲ್ಪ ಹೊತ್ತಿಗೆ ಒಂದು ಪಕ್ಕಕ್ಕೆ ವಾಲಿದರು.

ಎಲ್ಲರೂ ನೋಡಿದೆವು. ನನ್ನ ಹಿಂದಿದ್ದವರು ಯಾರೋ ‘ಕುಡಿದವ್ನೆ ಬಿಡು’ ಅಂದರು. ಒಬ್ಬರು ಕಾಲಿಗೆ ತಗಲಬಾರದೆಂದು ತಮ್ಮ ಬ್ಯಾಗನ್ನು ಸ್ವಲ್ಪ ಆಚೆ ಎಳೆದುಕೊಂಡರು. ಕಾಲೇಜು ಹುಡುಗನೊಬ್ಬ ಮೊಬೈಲ್ ತೆಗೆದು ಕೈಯಲ್ಲೇ ಹಿಡಿದುಕೊಂಡ, ಏನೂ ಮಾಡಲಿಲ್ಲ. ನಾನೂ ಏನೂ ಮಾಡಲಿಲ್ಲ. ಹೀಗೆ ಐದಾರು ನಿಮಿಷ ಆಗಿರಬೇಕು.

ಆಗ ರಸ್ತೆಯ ಆಚೆಯಿಂದ ಸೊಪ್ಪು ಮಾರುವ ಒಬ್ಬ ಹೆಂಗಸು ಬಂದರು. ಮಂಕರಿ ಇಳಿಸಿ, ಅವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ‘ಯಜಮಾನ್ರೇ, ಯಜಮಾನ್ರೇ, ಏನಾತು?’ ಎಂದು ಕೆನ್ನೆ ತಟ್ಟಿದರು. ಬಾಯಿಯ ಹತ್ತಿರ ಮೂಗು ಒಯ್ದು ನೋಡಿದರು. ‘ವಾಸ್ನೆ ಏನೂ ಇಲ್ಲ. ಮೈಯೆಲ್ಲ ಹೆಂಗ್ ಬೆವತೈತೆ ನೋಡ್ರಿ’ ಅಂದರು. ಆಮೇಲೆ ತಲೆ ಎತ್ತಿ ನೇರವಾಗಿ ಬೆರಳು ತೋರಿಸಿದರು. ‘ಏಯ್ ಕೆಂಪು ಅಂಗಿ ತಮ್ಮಾ, ನೀನೇ, ನೂರಾ ಎಂಟಕ್ಕೆ ಫೋನ್ ಮಾಡು. ನೀನಮ್ಮಾ, ಬಾಟ್ಲಿ ನೀರು ಕೊಡು ಇಲ್ಲಿ.’ ನನ್ನ ಕಡೆ ತಿರುಗಿ, ‘ಅಣ್ಣಾ, ಆ ಟೀ ಅಂಗಡೀಲಿ ಸಕ್ಕರೆ ಇಸ್ಕೊಂಬಾ’ ಅಂದರು.

ಅರ್ಧ ನಿಮಿಷದೊಳಗೆ ನಾವೆಲ್ಲ ಓಡಾಡುತ್ತಿದ್ದೆವು. ಅದೇ ಜನ, ಅದೇ ಜಾಗ. ಐದು ನಿಮಿಷ ಕಲ್ಲಿನ ಹಾಗೆ ನಿಂತಿದ್ದವರು ಈಗ ನೆರಳು ಮಾಡುತ್ತಿದ್ದರು, ಗಾಳಿ ಬೀಸುತ್ತಿದ್ದರು, ಚೀಲದಲ್ಲಿ ಫೋನ್ ನಂಬರ್ ಹುಡುಕುತ್ತಿದ್ದರು. ನಮಗೆ ಕರುಣೆ ಇರಲಿಲ್ಲ ಅನ್ನುವುದಾದರೆ ಅರ್ಧ ನಿಮಿಷದಲ್ಲಿ ಅದು ಎಲ್ಲಿಂದ ಬಂತು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ‘ಕಾಲ ಕೆಟ್ಟೋಯ್ತು, ಜನಕ್ಕೆ ಮನುಷ್ಯತ್ವ ಇಲ್ಲ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆ ಮಾತಿನಿಂದ ಈ ಅರ್ಧ ನಿಮಿಷದ ಬದಲಾವಣೆಯನ್ನು ವಿವರಿಸಲು ಆಗುವುದಿಲ್ಲ.

ಇದೇ ಪ್ರಶ್ನೆಯನ್ನು ಸುಮಾರು ಅರವತ್ತು ವರ್ಷದ ಹಿಂದೆ ನ್ಯೂಯಾರ್ಕ್‌ನಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಕೇಳಿಕೊಂಡಿದ್ದರು. 1964ರ ಮಾರ್ಚ್ 13ರ ನಸುಕಿನಲ್ಲಿ ಅಲ್ಲಿನ ಕ್ವೀನ್ಸ್ ಪ್ರದೇಶದಲ್ಲಿ ಕಿಟ್ಟಿ ಜೆನೊವೀಸ್ ಎಂಬ ಯುವತಿಯ ಕೊಲೆ ಆಯಿತು. ಎರಡು ವಾರದ ನಂತರ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ, 38 ಜನ ಕಿಟಕಿಯಿಂದ ನೋಡುತ್ತಿದ್ದರೂ ದಾಳಿ ನಡೆಯುವಾಗ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಎಂದು ಬರೆಯಿತು. ಇಡೀ ಅಮೆರಿಕ ಬೆಚ್ಚಿತು. ನಗರದ ಜನ ಕಲ್ಲಾಗಿದ್ದಾರೆ ಎಂದು ಎಲ್ಲರೂ ಮಾತಾಡಿಕೊಂಡರು.

ಆ ವರದಿ ಪೂರ್ತಿ ನಿಜವಲ್ಲ ಎಂಬುದು ಆಮೇಲೆ ಗೊತ್ತಾಯಿತು. ಎಲ್ಲವನ್ನೂ ಕಣ್ಣಾರೆ ನೋಡಿದ 38 ಜನ ಅಲ್ಲಿರಲಿಲ್ಲ. ಹೆಚ್ಚಿನವರಿಗೆ ಕೇಳಿಸಿದ್ದು ಕೂಗು ಮಾತ್ರ. ಒಬ್ಬರು ಕಿಟಕಿಯಿಂದಲೇ ಗದರಿದ್ದರಿಂದ ಕೊಲೆಗಾರ ಒಮ್ಮೆ ಓಡಿಯೂ ಹೋಗಿದ್ದ. ಕೊನೆಗಳಿಗೆಯಲ್ಲಿ ನೆರೆಮನೆಯ ಒಬ್ಬ ಮಹಿಳೆ ಓಡಿಬಂದು ಆಕೆಯನ್ನು ತೋಳಲ್ಲಿ ಹಿಡಿದುಕೊಂಡಿದ್ದರು. 2016ರಲ್ಲಿ ಅದೇ ಪತ್ರಿಕೆ ತನ್ನ ಹಳೆಯ ವರದಿಯಲ್ಲಿ ದೋಷಗಳಿದ್ದವು ಎಂದು ಒಪ್ಪಿಕೊಂಡಿತು. ಇದನ್ನು ಇಲ್ಲಿ ಹೇಳಲೇಬೇಕು. ಏಕೆಂದರೆ ಇಂದಿಗೂ ಎಷ್ಟೋ ಕಡೆ ಆ 38ರ ಕಥೆಯನ್ನೇ ನಿಜವೆಂದು ಓದಿಸುತ್ತಾರೆ. ಆದರೂ ಆ ತಪ್ಪು ವರದಿಯಿಂದ ಹುಟ್ಟಿದ ಪ್ರಶ್ನೆ ಸರಿಯಾದದ್ದೇ ಆಗಿತ್ತು.

ಜಾನ್ ಡಾರ್ಲಿ ಮತ್ತು ಬಿಬ್ ಲಾಟನೆ ಎಂಬ ಆ ಇಬ್ಬರು, ಜನರ ಸ್ವಭಾವವನ್ನು ಬಿಟ್ಟು ಜನರ ಸಂಖ್ಯೆಯನ್ನು ನೋಡಿದರು. ಅಷ್ಟು ಜನ ಇದ್ದರೂ ಯಾರೂ ಬರಲಿಲ್ಲ ಎಂದು ನಾವು ಹೇಳುತ್ತೇವಲ್ಲ, ಅಷ್ಟು ಜನ ಇದ್ದದ್ದರಿಂದಲೇ ಯಾರೂ ಬರಲಿಲ್ಲವೇನೋ ಎಂದು ಅವರು ಯೋಚಿಸಿದರು.

1968ರಲ್ಲಿ ಪ್ರಕಟವಾದ ಅವರ ಪ್ರಯೋಗ ಹೀಗಿತ್ತು. ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಒಂದು ಕೋಣೆಯಲ್ಲಿ ಒಂಟಿಯಾಗಿ ಕೂರಿಸುತ್ತಾರೆ. ಬೇರೆ ಕೋಣೆಗಳಲ್ಲಿರುವ ವಿದ್ಯಾರ್ಥಿಗಳ ಜೊತೆ ಕಾಲೇಜು ಜೀವನದ ಕಷ್ಟಗಳ ಬಗ್ಗೆ ಇಂಟರ್‌ಕಾಮ್‌ನಲ್ಲಿ ಮಾತಾಡಬೇಕು ಎನ್ನುತ್ತಾರೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಮೊದಲು ಮಾತಾಡುವ ಹುಡುಗ, ತನಗೆ ಆಗಾಗ ಫಿಟ್ಸ್ ಬರುತ್ತದೆ ಎಂದು ನಾಚಿಕೆಯಿಂದ ಹೇಳುತ್ತಾನೆ. ಎರಡನೇ ಸುತ್ತಿನಲ್ಲಿ ಅವನ ಮಾತು ತೊದಲಲು ಶುರುವಾಗುತ್ತದೆ, ಸಹಾಯ ಬೇಕು ಎನ್ನುತ್ತಾನೆ, ಉಸಿರುಗಟ್ಟಿದ ಸದ್ದು ಬರುತ್ತದೆ, ಆಮೇಲೆ ಮೌನ. ಅದು ಮೊದಲೇ ರೆಕಾರ್ಡ್ ಮಾಡಿಟ್ಟ ದನಿ. ಆದರೆ ಕೇಳುವವನಿಗೆ ಅದು ಗೊತ್ತಿಲ್ಲ.

ಈ ದನಿ ಕೇಳುತ್ತಿರುವುದು ತಾನೊಬ್ಬನೇ ಎಂದು ನಂಬಿದ್ದವರಲ್ಲಿ 100ಕ್ಕೆ 85 ಜನ, ಫಿಟ್ಸ್ ಮುಗಿಯುವ ಮೊದಲೇ ಎದ್ದುಹೋಗಿ ತಿಳಿಸಿದರು. ಇನ್ನೊಬ್ಬನೂ ಕೇಳುತ್ತಿದ್ದಾನೆ ಎಂದುಕೊಂಡಾಗ ಅದು 62ಕ್ಕೆ ಇಳಿಯಿತು. ತನ್ನ ಜೊತೆ ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಎಂದುಕೊಂಡಾಗ 31ಕ್ಕೆ ಬಂತು. ಹುಡುಗ ಅದೇ, ದನಿ ಅದೇ. ಬದಲಾದದ್ದು ಕೇಳುಗನ ತಲೆಯೊಳಗಿದ್ದ ‘ಇನ್ನೂ ಯಾರ್ಯಾರು ಇದ್ದಾರೆ’ ಎಂಬ ಲೆಕ್ಕ ಮಾತ್ರ.

ನನಗೆ ಈ ಸಂಖ್ಯೆಗಳಿಗಿಂತ ಹೆಚ್ಚು ಮನಸ್ಸಿಗೆ ನಾಟಿದ್ದು ಇನ್ನೊಂದು ಮಾತು. ಎದ್ದುಹೋಗದೆ ಕೂತವರ ಕೋಣೆಗೆ ಸಂಶೋಧಕರು ಹೋದಾಗ ಅವರು ಆರಾಮಾಗಿ ಕೂತಿರಲಿಲ್ಲ. ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ‘ಅವನಿಗೆ ಏನೂ ಆಗಿಲ್ಲ ತಾನೇ? ಯಾರಾದರೂ ನೋಡ್ತಿದ್ದಾರಾ?’ ಎಂದು ಅವರೇ ಮೊದಲು ಕೇಳಿದರು. ‘ಹೋಗುವುದಿಲ್ಲ’ ಎಂದು ಅವರು ತೀರ್ಮಾನ ಮಾಡಿರಲಿಲ್ಲ. ಹೋಗಬೇಕೋ ಬೇಡವೋ ಎಂಬಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಬಸ್ ಸ್ಟಾಪಿನ ಐದು ನಿಮಿಷದಲ್ಲಿ ನಾನು ಇದ್ದದ್ದೂ ಅದೇ ಜಾಗದಲ್ಲಿ. ಎದೆ ಹೊಡೆದುಕೊಳ್ಳುತ್ತಿತ್ತು, ಕಾಲು ಮಾತ್ರ ಮುಂದೆ ಹೋಗುತ್ತಿರಲಿಲ್ಲ.

ಇದನ್ನು ಹೊಣೆ ಹಂಚಿಹೋಗುವುದು ಎನ್ನಬಹುದು. ಒಬ್ಬನೇ ಇದ್ದರೆ ನೂರಕ್ಕೆ ನೂರು ಹೊಣೆ ಅವನದೇ. ಇಪ್ಪತ್ತೈದು ಜನ ಇದ್ದರೆ ನನ್ನ ಪಾಲಿಗೆ ನಾಲ್ಕರಷ್ಟು. ಆ ನಾಲ್ಕರಷ್ಟು ಭಾರಕ್ಕೆ ಯಾರೂ ಎದ್ದು ಓಡುವುದಿಲ್ಲ. ‘ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ’ ಅನ್ನುವ ಹಾಗೆ, ಇಷ್ಟು ಜನರಲ್ಲಿ ಒಬ್ಬರಾದರೂ ಫೋನ್ ಮಾಡದೆ ಇರುತ್ತಾರಾ ಎಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತೇವೆ. ಅದಕ್ಕೇ ಯಾರೂ ಮಾಡುವುದಿಲ್ಲ.

ಆದರೆ ಬಸ್ ಸ್ಟಾಪಿನಲ್ಲಿ ಇದೊಂದೇ ನಡೆಯಲಿಲ್ಲ. ಇಂಟರ್‌ಕಾಮ್ ಪ್ರಯೋಗದಲ್ಲಿ ಯಾರಿಗೂ ಬೇರೆಯವರ ಮುಖ ಕಾಣುತ್ತಿರಲಿಲ್ಲ. ನಮಗೆ ಎಲ್ಲರ ಮುಖವೂ ಕಾಣುತ್ತಿತ್ತು. ಅಲ್ಲಿ ಇನ್ನೊಂದು ಗಂಟು ಬೀಳುತ್ತದೆ.

ಅದೇ ಇಬ್ಬರು ಮಾಡಿದ ಮತ್ತೊಂದು ಪ್ರಯೋಗ ನೋಡಿ. ಒಂದು ಕೋಣೆಯಲ್ಲಿ ಕೂತು ವಿದ್ಯಾರ್ಥಿ ಏನೋ ಫಾರಂ ತುಂಬುತ್ತಿರುತ್ತಾನೆ. ಗೋಡೆಯ ಸಂದಿಯಿಂದ ಹೊಗೆ ಬರಲು ಶುರುವಾಗುತ್ತದೆ. ಒಬ್ಬನೇ ಇದ್ದಾಗ ನಾಲ್ವರಲ್ಲಿ ಮೂವರು ಎದ್ದುಹೋಗಿ ಹೇಳಿದರು. ಜೊತೆಗೆ ಇನ್ನಿಬ್ಬರು ಇದ್ದು, ಅವರು ಮೊದಲೇ ಹೇಳಿಕೊಟ್ಟ ಹಾಗೆ ಹೊಗೆಯನ್ನು ಒಮ್ಮೆ ನೋಡಿ, ಭುಜ ಕುಣಿಸಿ, ಮತ್ತೆ ಬರೆಯಲು ತೊಡಗಿದರೆ? ಆಗ 10 ಜನರಲ್ಲಿ ಎದ್ದುಹೋದವನು ಒಬ್ಬನೇ. ಉಳಿದವರು ಕಣ್ಣು ಉಜ್ಜಿಕೊಳ್ಳುತ್ತಾ, ಕೆಮ್ಮುತ್ತಾ, ಹೊಗೆಯನ್ನು ಕೈಯಿಂದ ಸರಿಸುತ್ತಾ ಬರೆಯುತ್ತಲೇ ಇದ್ದರು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ‘ಹಬೆ ಅಂದ್ಕೊಂಡೆ’, ‘ಏಸಿಯದು ಇರಬೇಕು ಅಂದ್ಕೊಂಡೆ’ ಎಂದರು. ಹೆದರಿಕೊಂಡು ಸುಮ್ಮನಿದ್ದೆ ಅನ್ನಲಿಲ್ಲ. ಅದು ಬೆಂಕಿಯೇ ಅಲ್ಲ ಎಂದು ಅವರು ತಮ್ಮನ್ನು ತಾವೇ ಒಪ್ಪಿಸಿಕೊಂಡಿದ್ದರು.

ಏನಾಗುತ್ತಿದೆ ಎಂದು ಗೊತ್ತಾಗದಿದ್ದಾಗ ನಾವು ಅಕ್ಕಪಕ್ಕದವರ ಮುಖ ನೋಡುತ್ತೇವೆ. ಅದು ತಪ್ಪೂ ಅಲ್ಲ, ದಿನವೂ ಬದುಕುವುದೇ ಹಾಗೆ. ಆದರೆ ನಾಲ್ಕು ಜನರ ಮುಂದೆ ಗಾಬರಿ ತೋರಿಸಿಕೊಳ್ಳಲು ಎಲ್ಲರಿಗೂ ಸಂಕೋಚ. ಹಾಗಾಗಿ ಎಲ್ಲರೂ ಮುಖವನ್ನು ಸಮಾಧಾನವಾಗಿ ಇಟ್ಟುಕೊಂಡೇ ಬೇರೆಯವರ ಮುಖ ನೋಡುತ್ತಾರೆ. ನನ್ನ ಸಮಾಧಾನದ ಮುಖ ನೋಡಿ ಪಕ್ಕದವರು ‘ಏನೂ ಆಗಿಲ್ಲ’ ಅಂದುಕೊಳ್ಳುತ್ತಾರೆ. ಅವರ ಮುಖ ನೋಡಿ ನಾನೂ ಹಾಗೇ ಅಂದುಕೊಳ್ಳುತ್ತೇನೆ. ಇಪ್ಪತ್ತೈದು ಜನರ ಒಳಗೂ ಅನುಮಾನ ಇದೆ. ಹೊರಗೆ ಮಾತ್ರ ಯಾರಿಗೂ ಅನುಮಾನ ಇದ್ದಂತೆ ಕಾಣುವುದಿಲ್ಲ.

ಇಂಥ ಹೊತ್ತಿನಲ್ಲಿ ಗುಂಪಿನಿಂದ ಬರುವ ಮೊದಲ ಮಾತಿಗೆ ಬಹಳ ಬಲ. ‘ಕುಡಿದವ್ನೆ ಬಿಡು’ ಎಂದವರು ಆ ಹಿರಿಯರ ಹತ್ತಿರವೂ ಹೋಗಿರಲಿಲ್ಲ. ಆದರೆ ಗೊಂದಲದಲ್ಲಿದ್ದ ಎಲ್ಲರಿಗೂ ಅದೊಂದು ಅರ್ಥ ಸಿಕ್ಕ ಹಾಗಾಯಿತು. ಆಮೇಲೆ ನಾವು ಕಂಡದ್ದೆಲ್ಲ ಆ ಅರ್ಥಕ್ಕೇ ಹೊಂದಿಕೊಂಡಿತು. ತೂರಾಡಿದ್ದು, ತೊದಲಿದ್ದು, ಕುಸಿದದ್ದು, ಎಲ್ಲವೂ ಕುಡಿತದ್ದೇ ಲಕ್ಷಣ, ಅಲ್ವಾ?

ಈ ಒಂದು ತೀರ್ಮಾನ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೂ ಒಂದು ಪ್ರಯೋಗವಿದೆ. 1969ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ನ್ಯೂಯಾರ್ಕ್‌ನ ಸುರಂಗ ರೈಲಿನಲ್ಲಿ ಸಂಶೋಧಕರ ಕಡೆಯ ಒಬ್ಬ ವ್ಯಕ್ತಿ ಬೇಕೆಂದೇ ಕುಸಿದು ಬೀಳುತ್ತಿದ್ದ. ಕೈಯಲ್ಲಿ ಊರುಗೋಲು ಇದ್ದಾಗ 65 ಸಲದಲ್ಲಿ 62 ಸಲ ಜನ ತಾವಾಗಿಯೇ ಎತ್ತಲು ಬಂದರು. ಹೆಂಡದ ವಾಸನೆ ಬರುವಂತೆ ಮಾಡಿ, ಬಾಟಲಿ ಹಿಡಿದು ಬಿದ್ದಾಗ 38 ಸಲದಲ್ಲಿ 19 ಸಲ ಮಾತ್ರ ಬಂದರು. ಅಂದರೆ ಬಿದ್ದವನ ಕೈಯಲ್ಲಿ ಏನಿದೆ ಎಂಬುದರ ಮೇಲೆ ಅವನಿಗೆ ಸಿಗುವ ಸಹಾಯ ಅರ್ಧಕ್ಕರ್ಧ ಬದಲಾಯಿತು. ಕುಡಿದು ಬಿದ್ದವನಿಗೂ ಸಹಾಯ ಬೇಕಾಗಿರುತ್ತದೆ ಅನ್ನುವ ಮಾತು ಹಾಗಿರಲಿ. ನಮ್ಮ ಬಸ್ ಸ್ಟಾಪಿನಲ್ಲಿ ಬಾಟಲಿಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಒಂದು ಮಾತು ಮಾತ್ರ ಇತ್ತು.

ಆ ಹಿರಿಯರಿಗೆ ಆಗಿದ್ದು ಶುಗರ್ ಕಡಿಮೆಯಾಗಿದ್ದು. ಪಹಣಿಯ ಕೆಲಸಕ್ಕೆಂದು ಹಳ್ಳಿಯಿಂದ ಬೇಗ ಹೊರಟಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು, ತಿಂಡಿ ತಿಂದಿರಲಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಇನ್ಸುಲಿನ್ ಹೆಚ್ಚಿಸುವ ಕೆಲವು ಮಾತ್ರೆ ನುಂಗುವವರಿಗೆ ಊಟ ತಪ್ಪಿದರೆ ಹೀಗಾಗಬಹುದು. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಕೈ ನಡುಗುತ್ತದೆ, ತಣ್ಣನೆ ಬೆವರು ಬರುತ್ತದೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಏನು ಹೇಳುತ್ತಿದ್ದೇವೆ ಎಂಬುದೇ ಗೊತ್ತಾಗುವುದಿಲ್ಲ. ಕೆಲವರು ಸಿಟ್ಟಿನಿಂದ ಕೈಯನ್ನೂ ತಳ್ಳಿಬಿಡುತ್ತಾರೆ. ದೂರದಿಂದ ನೋಡಿದರೆ ಕುಡಿದವರಿಗೂ ಇವರಿಗೂ ವ್ಯತ್ಯಾಸ ಕಾಣುವುದಿಲ್ಲ. ಲಕ್ವ ಹೊಡೆದಾಗಲೂ, ತಲೆಗೆ ಒಳಪೆಟ್ಟು ಬಿದ್ದಾಗಲೂ ಮಾತು ಹೀಗೇ ತೊದಲಬಹುದು. ಲಕ್ವದಲ್ಲಿ ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆ, ಒಂದು ಕೈ ಮೇಲೆ ಏಳುವುದಿಲ್ಲ. ಇದೆಲ್ಲ ಗೊತ್ತಾಗಬೇಕಾದರೆ ಹತ್ತಿರ ಹೋಗಿ ನೋಡಬೇಕು. ಸೊಪ್ಪಿನವರು ಮೂಗು ಹತ್ತಿರ ಒಯ್ದದ್ದು, ಕೆನ್ನೆ ಮುಟ್ಟಿದ್ದು ಅದಕ್ಕೇ.

ಅವರು ಸಕ್ಕರೆ ಕೊಟ್ಟ ರೀತಿಯನ್ನೂ ಹೇಳಬೇಕು. ಮೊದಲು ಮಾತಾಡಿಸಿ, ಉತ್ತರ ಕೊಡುತ್ತಾರಾ, ನುಂಗಲು ಆಗುತ್ತದಾ ಎಂದು ನೋಡಿದರು. ಒಂದು ಗುಟುಕು ನೀರು ನುಂಗಿದ ಮೇಲೆ ಮೂರು ಚಮಚದಷ್ಟು ಸಕ್ಕರೆ ಕರಗಿಸಿ ನಿಧಾನವಾಗಿ ಕುಡಿಸಿದರು. ಪೂರ್ತಿ ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ನೀರನ್ನೂ ಕೂಡ. ಅದು ಉಸಿರಿನ ಕೊಳವೆಗೆ ಹೋಗುತ್ತದೆ. ಆಗ ಉಸಿರಾಡುತ್ತಿದ್ದಾರಾ ನೋಡಿ, ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಬೇಕು.

ಸೊಪ್ಪಿನವರಿಗೆ ಆದದ್ದು ನಮಗೆ ಯಾಕೆ ಆಗಲಿಲ್ಲ? ಅವರು ನಮಗಿಂತ ಒಳ್ಳೆಯವರು ಎಂದು ಹೇಳಿ ಮುಗಿಸಬಹುದು. ಇರಬಹುದು ಕೂಡ. ಆದರೆ ನನಗೆ ಕಾಣುವ ಕಾರಣ ಬೇರೆ. ಅವರು ಆ ಐದು ನಿಮಿಷ ನಮ್ಮ ಜೊತೆ ನಿಂತಿರಲಿಲ್ಲ. ನಮ್ಮ ಸಮಾಧಾನದ ಮುಖಗಳನ್ನು ಅವರು ನೋಡಿರಲಿಲ್ಲ, ‘ಕುಡಿದವ್ನೆ’ ಎಂಬ ಮಾತನ್ನು ಕೇಳಿಸಿಕೊಂಡಿರಲಿಲ್ಲ. ಅವರಿಗೆ ಕಂಡದ್ದು ಕೆಳಗೆ ಬಿದ್ದಿರುವ ಒಬ್ಬ ಮನುಷ್ಯ ಮಾತ್ರ. ಇನ್ನೊಂದು, ಅವರಿಗೆ ಏನು ಮಾಡಬೇಕೆಂದು ಗೊತ್ತಿತ್ತು. ‘ನಮ್ಮನೇವ್ರಿಗೂ ಶುಗರ್ ಐತಣ್ಣ, ಹಿಂಗೇ ಬೆವರ್ತಾರೆ’ ಎಂದು ಆಮೇಲೆ ಹೇಳಿದರು. ಏನು ಮಾಡಬೇಕೆಂದು ಗೊತ್ತಿರುವವರಿಗೆ ಸಂಕೋಚ ಕಡಿಮೆ. ನನಗೆ ಗೊತ್ತಿರಲಿಲ್ಲ. ಮುಂದೆ ಹೋಗಿ ಬೆಪ್ಪಾಗಿ ನಿಂತರೆ ಎಂಬ ಅಳುಕೂ ನನ್ನ ಕಾಲು ಹಿಡಿದಿತ್ತು.

ಇಲ್ಲಿಯವರೆಗೆ ಹೇಳಿದ್ದು ಯಾವ ದೇಶಕ್ಕಾದರೂ ಹೊಂದುತ್ತದೆ. ನಮ್ಮ ಕಡೆ ಇದರ ಮೇಲೆ ಇನ್ನೊಂದು ಭಾರ ಇದೆ. ಅದು ಪೊಲೀಸು, ಕೋರ್ಟು, ಆಸ್ಪತ್ರೆಯ ಭಯ. ರಸ್ತೆ ಅಪಘಾತದ ಮಾತು ಬಂದರೆ ಇದು ಸಂಕೋಚಕ್ಕಿಂತ ದೊಡ್ಡದು.

2016ರ ಫೆಬ್ರವರಿಯ ಆ ಘಟನೆಯನ್ನು ತುಮಕೂರು ಜಿಲ್ಲೆಯವರು ಮರೆತಿರಲಾರರು. ಗುಬ್ಬಿ ತಾಲ್ಲೂಕಿನ ಯುವಕನೊಬ್ಬ ಚುನಾವಣೆಗೆ ಊರಿಗೆ ಬಂದು ಬೈಕಿನಲ್ಲಿ ಬೆಂಗಳೂರಿಗೆ ವಾಪಸ್ ಹೋಗುತ್ತಿದ್ದ. ನೆಲಮಂಗಲದ ಹತ್ತಿರ ಹೆದ್ದಾರಿಯಲ್ಲಿ ಲಾರಿ ಹರಿಯಿತು. ದೇಹ ಎರಡು ತುಂಡಾದ ಸ್ಥಿತಿಯಲ್ಲೂ ಎಚ್ಚರವಿದ್ದ ಆತ ಸಹಾಯ ಮಾಡಿ ಎಂದು ಬೇಡಿದ. ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದ. ಸುತ್ತ ನಿಂತವರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು ಎಂದು ಪತ್ರಿಕೆಗಳಲ್ಲಿ ಬಂತು. ಆತ ಉಳಿಯಲಿಲ್ಲ. ಕಣ್ಣುಗಳು ದಾನವಾದವು. ಅದೇ ವರ್ಷ ರಾಜ್ಯ ಸರ್ಕಾರ ಆತನ ಹೆಸರಿನಲ್ಲೇ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ತಂದಿತು. ಅಪಘಾತವಾದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯ ಖರ್ಚು ಸರ್ಕಾರದ್ದು ಎಂಬುದು ಅದರ ತಿರುಳು.

ಆ ಹೆದ್ದಾರಿಯಲ್ಲಿ ‘ಕುಡಿದವ್ನೆ’ ಎಂಬ ಗೊಂದಲಕ್ಕೆ ಜಾಗವೇ ಇರಲಿಲ್ಲ. ಏನಾಗಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಅಷ್ಟು ಸ್ಪಷ್ಟವಾಗಿದ್ದಾಗಲೂ ಜನ ನಿಂತುಬಿಡುತ್ತಾರೆ ಎಂದರೆ ಅಲ್ಲಿ ಕೆಲಸ ಮಾಡುವುದು ಬೇರೆ ಗಂಟುಗಳು. ಏನು ಮಾಡಬೇಕೆಂದು ತೋಚದಿರುವುದು ಒಂದು. ಯಾರೋ ಆಂಬುಲೆನ್ಸಿಗೆ ಹೇಳಿರುತ್ತಾರೆ ಎಂಬುದು ಇನ್ನೊಂದು. ಮುಟ್ಟಿದರೆ ಕೇಸು ನನ್ನ ಮೈಮೇಲೆ ಬರುತ್ತದೆ ಎಂಬುದು ಮತ್ತೊಂದು. ಮೊಬೈಲ್ ಎತ್ತಿ ಹಿಡಿಯುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಏನೂ ತೋಚದೆ ನಿಂತವನ ಕೈಗೆ ಅದೊಂದು ಕೆಲಸ ಕೊಡುತ್ತದೆ, ತಾನು ಸುಮ್ನೆ ನಿಂತಿಲ್ಲ ಎಂದು ನಂಬಿಸುತ್ತದೆ. ಬಸ್ ಸ್ಟಾಪಿನಲ್ಲೂ ಹುಡುಗನ ಕೈ ಮೊದಲು ಹೋದದ್ದು ಮೊಬೈಲಿಗೇ. ಅದೇ ಮೊಬೈಲಿನಿಂದ ಆಮೇಲೆ 108ಕ್ಕೆ ಕರೆ ಹೋಯಿತು.

ಭಯದ ಮಾತು ಬರೀ ಊಹೆಯಲ್ಲ. ರಸ್ತೆ ಸುರಕ್ಷತೆಗಾಗಿ ಕೆಲಸ ಮಾಡುವ ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ 2013ರಲ್ಲಿ ದೇಶದ ಕೆಲವು ನಗರಗಳಲ್ಲಿ ಜನರನ್ನು ಕೇಳಿತು. ರಸ್ತೆಯಲ್ಲಿ ಗಾಯಗೊಂಡವರಿಗೆ ಸಹಾಯ ಮಾಡುವುದು ಅನುಮಾನ ಎಂದವರು 100ಕ್ಕೆ 74. ಅವರಲ್ಲಿ 88ರಷ್ಟು ಜನ ಕೊಟ್ಟ ಕಾರಣ ಪೊಲೀಸರ ವಿಚಾರಣೆ, ಕೋರ್ಟಿನ ಅಲೆದಾಟ. ಆ ಕಾಲಕ್ಕೆ ಆ ಭಯಕ್ಕೆ ಆಧಾರವೂ ಇತ್ತು.

ಕಾನೂನು ಈಗ ಬದಲಾಗಿದೆ, ಆದರೆ ಬದಲಾದ ಸುದ್ದಿ ಬಸ್ ಸ್ಟಾಪಿನವರೆಗೆ ಬಂದಿಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಸಹಾಯ ಮಾಡುವವರ ರಕ್ಷಣೆಗೆ ಕೇಂದ್ರ ಸರ್ಕಾರ ಹೊರಡಿಸಿದ್ದ ಮಾರ್ಗಸೂಚಿಗಳನ್ನು ದೇಶದಾದ್ಯಂತ ಪಾಲಿಸಲೇಬೇಕು ಎಂದಿತು. ಕರ್ನಾಟಕ ಇದಕ್ಕಾಗಿ ತನ್ನದೇ ಕಾನೂನು ಮಾಡಿತು, ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಸೆಕ್ಷನ್ ಸೇರಿತು. ಅದರ ಪ್ರಕಾರ, ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಲು ಹೋಗಿ ಏನಾದರೂ ಹೆಚ್ಚುಕಡಿಮೆ ಆದರೂ ನಿಮ್ಮ ಮೇಲೆ ಕೇಸು ಹಾಕುವಂತಿಲ್ಲ. 2020ರ ನಿಯಮಗಳ ಪ್ರಕಾರ ಹೆಸರು, ವಿಳಾಸ, ಫೋನ್ ನಂಬರ್ ಕೊಡಿ ಎಂದು ಯಾರೂ ಬಲವಂತ ಮಾಡುವಂತಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ತೀವ್ರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದವರಿಗೆ ಕೊಡುವ ಬಹುಮಾನವನ್ನು 2025ರಲ್ಲಿ ಕೇಂದ್ರ ಸರ್ಕಾರ 5,000ದಿಂದ 25,000 ರೂಪಾಯಿಗೆ ಏರಿಸಿತು.

ಬಹುಮಾನದಿಂದ ಹೆಚ್ಚೇನೂ ಬದಲಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ದುಡ್ಡಿನ ಲೆಕ್ಕ ಹಾಕುವಷ್ಟು ಸಮಾಧಾನ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಆದರೆ ‘ಹೆಸರು ಹೇಳು ಎಂದೂ ಬಲವಂತ ಮಾಡುವಂತಿಲ್ಲ’ ಎಂಬ ಒಂದು ಸಾಲು ಎಲ್ಲರಿಗೂ ಗೊತ್ತಿದ್ದರೆ, ಬಿಗಿದುಕೊಂಡ ಕಾಲು ಸ್ವಲ್ಪ ಸಡಿಲವಾಗಬಹುದು. ಬಸ್ ಸ್ಟಾಪಿನಲ್ಲಿ ಕುಸಿದವರ ವಿಷಯದಲ್ಲಂತೂ ಕೇಸೇ ಇರುವುದಿಲ್ಲ. ಅಲ್ಲೂ ನಮಗೆ ಆ ಭಯವೇ ಅಡ್ಡ ಬರುತ್ತದೆ.

ಇನ್ನೊಂದು ವಿಷಯ ಹೇಳದಿದ್ದರೆ ಮಾತು ಒಂದೇ ಕಡೆ ವಾಲುತ್ತದೆ. ಗುಂಪು ಯಾವಾಗಲೂ ಸುಮ್ಮನೆ ನಿಲ್ಲುತ್ತದೆ ಎಂಬುದು ನಿಜವಲ್ಲ. ಬ್ರಿಟನ್, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾದ ಮೂರು ನಗರಗಳ ಬೀದಿಗಳಲ್ಲಿ ಸಿಸಿಟಿವಿಗೆ ಸಿಕ್ಕ 219 ಜಗಳ, ಹೊಡೆದಾಟಗಳನ್ನು ಸಂಶೋಧಕರು ಒಂದೊಂದಾಗಿ ನೋಡಿ 2019ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಕಡೆ ಸುತ್ತಲಿದ್ದವರಲ್ಲಿ ಒಬ್ಬರಾದರೂ ಮಧ್ಯೆ ಬಂದಿದ್ದರು. ಜನ ಜಾಸ್ತಿ ಇದ್ದಷ್ಟೂ ಯಾರಾದರೂ ಬರುವ ಸಾಧ್ಯತೆಯೂ ಜಾಸ್ತಿಯಾಗಿತ್ತು. ಇದು ಹಳೆಯ ಪ್ರಯೋಗಗಳಿಗೆ ತಿರುಗಿ ಬಿದ್ದಂತೆ ಕಾಣುತ್ತದೆ. ಆದರೆ ಎರಡೂ ನಿಜವಾಗಿರಲು ಸಾಧ್ಯ. ಒಬ್ಬೊಬ್ಬರ ಮನಸ್ಸಿನಲ್ಲಿ ಹೊಣೆ ಕಡಿಮೆಯಾಗುತ್ತದೆ. ಆದರೂ ನೂರು ಜನರಲ್ಲಿ ಯಾರೋ ಒಬ್ಬರು ಹೊರಡುವ ಸಂಭವ ಹತ್ತು ಜನರಿಗಿಂತ ಹೆಚ್ಚಿರಬಹುದು. ಜೊತೆಗೆ ಹೊಡೆದಾಟ ಎಂದರೆ ಹೊಡೆದಾಟವೇ, ಅದನ್ನು ಬೇರೆ ಏನೋ ಎಂದುಕೊಳ್ಳಲು ಆಗುವುದಿಲ್ಲ. ಗುಂಪು ಹೆಚ್ಚು ಸೋಲುವುದು ಸದ್ದಿಲ್ಲದ, ಅರ್ಥವಾಗದ ಕಷ್ಟಗಳ ಮುಂದೆ. ಕೂಗಾಡದೆ ಕಂಬಕ್ಕೆ ಒರಗಿ ಜಾರುವವರ ಮುಂದೆ.

ಹಾಗಾಗಿ ನನಗೆ ಆ ಬೆರಳೇ ಮುಖ್ಯವಾಗಿ ಕಾಣುತ್ತದೆ. ‘ಯಾರಾದ್ರೂ ಫೋನ್ ಮಾಡ್ರಪ್ಪಾ’ ಎಂದು ಸೊಪ್ಪಿನವರು ಕೂಗಿದ್ದರೆ, ಇಪ್ಪತ್ತೈದು ಜನ ಮತ್ತೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ‘ಯಾರಾದರೂ’ ಎಂಬುದು ಯಾರ ಹೆಸರೂ ಅಲ್ಲ. ‘ಕೆಂಪು ಅಂಗಿ ತಮ್ಮಾ, ನೀನೇ’ ಎಂದಾಗ ಹಂಚಿಹೋಗಿದ್ದ ಹೊಣೆ ಪೂರ್ತಿ ಒಬ್ಬನ ಕೈಗೆ ಬಂತು. ಜೊತೆಗೆ ಇದು ಕಷ್ಟದ ಹೊತ್ತು ಎಂದು ಎಲ್ಲರ ಮುಂದೆ ಜೋರಾಗಿ ಹೇಳಿದ ಹಾಗೂ ಆಯಿತು. ಎರಡು ಗಂಟುಗಳೂ ಒಂದೇ ಮಾತಿಗೆ ಬಿಚ್ಚಿಕೊಂಡವು.

ಇದು ಎಷ್ಟು ಬಲವಾಗಿ ಕೆಲಸ ಮಾಡುತ್ತದೆ ಎಂಬುದನ್ನು ಥಾಮಸ್ ಮೊರಿಯಾರ್ಟಿ ಎಂಬ ಸಂಶೋಧಕ 1975ರಲ್ಲಿ ತೋರಿಸಿದರು. ನ್ಯೂಯಾರ್ಕ್‌ನ ಒಂದು ಕಡಲತೀರದಲ್ಲಿ ಒಬ್ಬರು ರೇಡಿಯೊ ಬಿಟ್ಟು ಎದ್ದುಹೋಗುತ್ತಾರೆ. ಕಳ್ಳನಂತೆ ನಟಿಸುವವನೊಬ್ಬ ಬಂದು ಅದನ್ನು ಎತ್ತಿಕೊಂಡು ಹೋಗುತ್ತಾನೆ. ಪಕ್ಕದವರಿಗೆ ಏನೂ ಹೇಳದೆ ಹೋದಾಗ 20 ಜನರಲ್ಲಿ ಕಳ್ಳನನ್ನು ತಡೆದವರು 4 ಜನ. ಹೋಗುವ ಮೊದಲು ‘ಸ್ವಲ್ಪ ನನ್ನ ಸಾಮಾನು ನೋಡಿಕೊಳ್ತೀರಾ?’ ಎಂದು ಕೇಳಿ, ಅವರು ಹೂಂ ಎಂದಿದ್ದಾಗ 20ರಲ್ಲಿ 19 ಜನ ತಡೆದರು. ಬಸ್ ಸ್ಟ್ಯಾಂಡಿನಲ್ಲಿ ಪಕ್ಕದ ಅಪರಿಚಿತರಿಗೆ ‘ಅಕ್ಕಾ, ಬ್ಯಾಗ್ ಒಸಿ ನೋಡ್ಕೊಳ್ಳಿ’ ಎಂದು ಹೇಳಿ ನೀರು ತರಲು ಹೋಗುವ ನಮಗೆ ಇದು ಮೊದಲೇ ಗೊತ್ತು. ಆ ಅಕ್ಕ ತನ್ನ ಬಸ್ಸು ಬಂದರೂ ನಾವು ಬರುವವರೆಗೆ ಚಡಪಡಿಸುತ್ತಾ ಅಲ್ಲೇ ನಿಂತಿರುತ್ತಾರೆ.

ನೀವೇ ಕುಸಿಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮಾತಾಡುವ ಶಕ್ತಿ ಇರುವಾಗಲೇ ಒಬ್ಬರ ಕಣ್ಣು ನೋಡಿ, ಅವರ ಅಂಗಿಯ ಬಣ್ಣ ಹಿಡಿದು ಕರೆದು, ‘ನನಗೆ ಶುಗರ್ ಇದೆ’ ಅಥವಾ ‘ಎದೆ ನೋಯ್ತಿದೆ, ಆಂಬುಲೆನ್ಸ್ ಕರೀರಿ’ ಎಂದುಬಿಡಬೇಕು. ನೀವು ಗುಂಪಿನಲ್ಲಿ ನಿಂತವರಾದರೆ ಎರಡು ಹೆಜ್ಜೆ ಹತ್ತಿರ ಹೋಗಿ ‘ಏನಾಯ್ತು?’ ಎಂದು ಜೋರಾಗಿ ಕೇಳಿದರೂ ಸಾಕು. ಆ ಒಂದು ಪ್ರಶ್ನೆ ಕೇಳಿದ ತಕ್ಷಣ ಸುತ್ತಲಿನವರ ಮುಖಗಳು ಬದಲಾಗುತ್ತವೆ. 108ಕ್ಕೆ, ಇಲ್ಲವೇ 112ಕ್ಕೆ ಫೋನ್ ಮಾಡಿದಾಗ ಮೊದಲು ಜಾಗ ಹೇಳಬೇಕು. ಬಿ.ಎಚ್. ರಸ್ತೆ ಎಂದರೆ ಸಾಲದು, ಅದು ಉದ್ದದ ರಸ್ತೆ. ಯಾವ ಸ್ಟಾಪ್, ಎದುರಿಗೆ ಏನಿದೆ, ಬೆಂಗಳೂರಿನ ಕಡೆಗೆ ಹೋಗುವ ಮಗ್ಗುಲೋ ಊರೊಳಗೆ ಬರುವ ಮಗ್ಗುಲೋ ಎಂದು ಹೇಳಬೇಕು. ಆಮೇಲೆ ಎಚ್ಚರ ಇದೆಯಾ, ಉಸಿರಾಟ ಹೇಗಿದೆ ಎಂದು ತಿಳಿಸಿ, ಅವರು ಇಡಿ ಎನ್ನುವವರೆಗೆ ಫೋನ್ ಇಡಬಾರದು.

ಅವತ್ತು ಹಿರಿಯರು ಸಕ್ಕರೆ ನೀರು ಕುಡಿದು ಕಾಲು ಗಂಟೆಯಲ್ಲಿ ಕಣ್ಣು ಸರಿಯಾಗಿ ಬಿಟ್ಟು, ‘ನನ್ನ ಚೀಲ ಎಲ್ಲಿ?’ ಎಂದು ಕೇಳಿದರು. ಸೊಪ್ಪಿನವರು ಮಂಕರಿ ಎತ್ತಿಕೊಂಡು, ‘ಆಸ್ಪತ್ರೆಗೆ ತೋರಿಸ್ದೆ ಮನೆಗ್ ಹೋಗ್ಬ್ಯಾಡ್ರಿ’ ಎಂದು ಗದರಿ ಹೊರಟರು. ಆಂಬುಲೆನ್ಸಿಗೆ ಕಾಯುತ್ತಾ ನಾನು ಕೆಂಪು ಅಂಗಿಯ ಹುಡುಗನನ್ನು ಕೇಳಿದೆ, ಮೊದಲೇ ಯಾಕೆ ಫೋನ್ ಮಾಡಲಿಲ್ಲ ಎಂದು. ಬೈಯಲು ಕೇಳಿದ್ದಲ್ಲ, ನನಗೇ ಉತ್ತರ ಬೇಕಿತ್ತು. ಅವನು ತಲೆ ತಗ್ಗಿಸಿದ. ‘ನಂಗೆ ಮೊದ್ಲಿಂದನೇ ಡೌಟ್ ಇತ್ತು ಅಣ್ಣ. ಆದ್ರೆ ನೀವೆಲ್ಲ ದೊಡ್ಡೋರು ಸುಮ್ನೆ ನಿಂತಿದ್ರಲ್ಲ, ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡೆ’ ಅಂದ.

ಆಂಬುಲೆನ್ಸ್ ಬಂದು, ಹಿರಿಯರ ಮಗನಿಗೆ ಫೋನ್ ಸಿಗುವಷ್ಟರಲ್ಲಿ ಕ್ಯಾತ್ಸಂದ್ರದ ಎರಡು ಬಸ್ಸು ಬಂದು ಹೋಗಿದ್ದವು. ಹುಡುಗ ಎರಡನ್ನೂ ಹತ್ತಲಿಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು, ಅವರ ಜೊತೆ ಆಂಬುಲೆನ್ಸ್ ಹತ್ತಿದ.